ತಿಂಡಿ ಬಿಟ್ಟವರೆಲ್ಲ ಹೆದರಿದವರೇ?

‘ಪರೀಕ್ಷೆಯ ದಿನ ಬೆಳಗ್ಗೆ ನಾನು ತಿಂಡಿ ತಿನ್ನುವುದಿಲ್ಲ.’ ವಿದ್ಯಾರ್ಥಿಗಳ ಪರೀಕ್ಷಾ ಭಯವನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಬೇಕಾಗಿ ಬಂದರೆ ಈ ಹೇಳಿಕೆಯನ್ನು ಸೇರಿಸಬೇಕೇ, ಬೇಡವೇ? ಹತ್ತು ಮಂದಿ ಮೇಷ್ಟರನ್ನು ಕೇಳಿದರೆ ಎಂಟು ಮಂದಿಯಾದರೂ ಸೇರಿಸಿ ಎಂದೇ ಹೇಳಿಯಾರು. ಹೆದರಿದವರಿಗೆ ಗಂಟಲಲ್ಲಿ ಇಡ್ಲಿ ಇಳಿಯುವುದಿಲ್ಲ ಎಂಬುದು ಎಲ್ಲರೂ ಕಂಡ ಸಂಗತಿ. ಓದಿದರೆ ಹೇಳಿಕೆ ಸರಳವಾಗಿದೆ, ಅರ್ಥ ಸ್ಪಷ್ಟವಾಗಿದೆ. ಇಷ್ಟಿದ್ದೂ ಅದು ಕೆಲಸಕ್ಕೆ ಬಾರದ ಪ್ರಶ್ನೆ ಆಗಿರಬಹುದು. ಆಗಿದೆಯೋ ಇಲ್ಲವೋ ಎಂಬುದನ್ನು ಮೇಜಿನ ಮುಂದೆ ಕುಳಿತು ಚರ್ಚಿಸಿ ತಿಳಿಯಲಾಗದು. ಒಂದಷ್ಟು ವಿದ್ಯಾರ್ಥಿಗಳಿಂದ ಉತ್ತರ ಬರೆಸಿ, ಲೆಕ್ಕ ಹಾಕಿಯೇ ತಿಳಿಯಬೇಕು.

ಮನಸ್ಸಿನ ಗುಣವೊಂದನ್ನು ಅಳೆಯಲು ಒಟ್ಟುಗೂಡಿಸಿದ ಇಂಥ ಹೇಳಿಕೆಗಳ ಗುಂಪಿಗೆ ಮಾಪನಿ ಎನ್ನುತ್ತಾರೆ. ಹೊಸ ಮಾಪನಿಯ ಒಂದೊಂದು ಪ್ರಶ್ನೆಯನ್ನೂ ಪ್ರತ್ಯೇಕವಾಗಿ ಒರೆಗೆ ಹಚ್ಚುವ ಕೆಲಸಕ್ಕೆ ಐಟಂ ಅನಾಲಿಸಿಸ್, ಅಂದರೆ ಅಂಶ ವಿಶ್ಲೇಷಣೆ, ಎಂದು ಹೆಸರು. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವ ಉಪಾಯ ಇದು: ಒಂದು ಪ್ರಶ್ನೆಗೆ ಬಂದ ಉತ್ತರಗಳು ಮಾಪನಿಯ ಒಟ್ಟು ಅಂಕದ ಜೊತೆ ಎಷ್ಟರ ಮಟ್ಟಿಗೆ ಏರುತ್ತವೆ, ಇಳಿಯುತ್ತವೆ ಎಂದು ನೋಡುವುದು. ಒಟ್ಟಾರೆ ಹೆಚ್ಚು ಹೆದರುವವರು ಈ ಪ್ರಶ್ನೆಯಲ್ಲೂ ಹೆಚ್ಚು ಅಂಕ ಪಡೆದು, ಕಡಿಮೆ ಹೆದರುವವರು ಇಲ್ಲೂ ಕಡಿಮೆ ಪಡೆದಿದ್ದರೆ ಪ್ರಶ್ನೆ ಉಳಿಯುತ್ತದೆ. ಇಲ್ಲದಿದ್ದರೆ ಅದರ ಮೇಲೆ ಗುಮಾನಿ.

ಈ ಉಪಾಯ ಎಲ್ಲರಿಗೂ ಪರಿಚಿತವಾದದ್ದು ಅಮೆರಿಕದ ರೆನ್ಸಿಸ್ ಲೈಕರ್ಟ್ ಅವರ ಪ್ರಬಂಧದಿಂದ, 1932ರಲ್ಲಿ. ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗಿನ ಐದು ಆಯ್ಕೆಗಳ ಪ್ರಶ್ನಾವಳಿಗಳಿಗೆ ಇವತ್ತಿಗೂ ಅವರದೇ ಹೆಸರು. ಅವರಿಗಿಂತ ಮೊದಲು ಹೇಳಿಕೆಗಳನ್ನು ಆಯುವುದೇ ದೊಡ್ಡ ಕೆಲಸವಾಗಿತ್ತು. 1929ರಲ್ಲಿ ಥರ್ಸ್ಟನ್ ಮತ್ತು ಚೇವ್ ಎಂಬಿಬ್ಬರು ಚರ್ಚಿನ ಬಗೆಗಿನ ಮನೋಭಾವ ಅಳೆಯಲು 130 ಹೇಳಿಕೆಗಳನ್ನು ಕಲೆಹಾಕಿದರು. ಅವುಗಳನ್ನು 300 ಮಂದಿ ತೀರ್ಪುಗಾರರಿಗೆ ಕೊಟ್ಟು, ಚರ್ಚಿನ ಪರ, ವಿರೋಧ ಎಂದು 11 ರಾಶಿಗಳಾಗಿ ವಿಂಗಡಿಸಲು ಹೇಳಿದರು. ಅಷ್ಟೆಲ್ಲ ಆದಮೇಲೆ 45 ಹೇಳಿಕೆಗಳು ಉಳಿದವು. ಲೈಕರ್ಟ್ ಈ ತೀರ್ಪುಗಾರರ ಪಡೆಯನ್ನೇ ಕೈಬಿಟ್ಟರು. ಉತ್ತರಿಸಿದವರ ಅಂಕಗಳೇ ಪ್ರಶ್ನೆಯ ಗುಣವನ್ನು ಹೇಳಲಿ ಎಂಬುದು ಅವರ ವಾದ. ಒಂದೊಂದು ಹೇಳಿಕೆಯ ಅಂಕಕ್ಕೂ ಒಟ್ಟು ಅಂಕಕ್ಕೂ ಇರುವ ಸಹಸಂಬಂಧವನ್ನು ಲೆಕ್ಕ ಹಾಕಿ ದುರ್ಬಲವಾದವನ್ನು ತೆಗೆಯುವ ಕ್ರಮ ಅವರ ಪ್ರಬಂಧದಲ್ಲಿಯೇ ಇದೆ. ಕ್ಯಾಲ್ಕುಲೇಟರ್ ಕೂಡ ಅಪರೂಪವಾಗಿದ್ದ ಕಾಲವಾದ್ದರಿಂದ, ಹೆಚ್ಚು ಅಂಕದವರ ಗುಂಪನ್ನೂ ಕಡಿಮೆ ಅಂಕದವರ ಗುಂಪನ್ನೂ ಪಕ್ಕಪಕ್ಕದಲ್ಲಿಟ್ಟು ಪ್ರತಿ ಪ್ರಶ್ನೆಯ ವ್ಯತ್ಯಾಸ ನೋಡುವ ಅಡ್ಡದಾರಿಯೊಂದನ್ನೂ ಅವರು ತೋರಿಸಿದ್ದರು.

ಸಹಸಂಬಂಧ ಎನ್ನುವುದು −1ರಿಂದ +1ರವರೆಗಿನ ಒಂದು ಸಂಖ್ಯೆ. ಎರಡು ಅಂಕಸಾಲುಗಳು ಒಟ್ಟಿಗೇ ಏರಿ ಒಟ್ಟಿಗೇ ಇಳಿದರೆ ಅದು +1ರ ಕಡೆಗೆ ಹೋಗುತ್ತದೆ. ಒಂದು ಏರಿದಾಗ ಇನ್ನೊಂದು ಇಳಿದರೆ −1ರ ಕಡೆಗೆ. ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಸೊನ್ನೆಯ ಆಸುಪಾಸು.

ಈಗ ಒಂದು ಪುಟ್ಟ ಉದಾಹರಣೆ ಕಟ್ಟಿ ನೋಡಬಹುದು. ಅಂಕಿಗಳು ಕಲ್ಪಿತ, ಲೆಕ್ಕ ಮಾತ್ರ ನಿಜ. ಪಿಯುಸಿ ವಿದ್ಯಾರ್ಥಿಗಳ ಪರೀಕ್ಷಾ ಭಯಕ್ಕೆಂದು ಆರು ಹೇಳಿಕೆಗಳ ಕರಡು ಸಿದ್ಧವಾಗಿದೆ ಎಂದುಕೊಳ್ಳೋಣ. ಮೊದಲನೆಯದು, ಪ್ರಶ್ನೆಪತ್ರಿಕೆ ಕೈಗೆ ಬರುವ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತದೆ. ಎರಡನೆಯದು, ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಮೂರನೆಯದು, ಓದಿದ್ದೆಲ್ಲ ಪರೀಕ್ಷಾ ಕೊಠಡಿಯಲ್ಲಿ ಮರೆತುಹೋಗುತ್ತದೆ. ನಾಲ್ಕನೆಯದು, ಪರೀಕ್ಷೆ ಬರೆಯುವಾಗ ಮನಸ್ಸು ನಿರಾಳವಾಗಿರುತ್ತದೆ. ಐದನೆಯದು, ಒಳ್ಳೆಯ ಅಂಕ ಬರಲಿ ಎಂದು ಆಸೆಪಡುತ್ತೇನೆ. ಆರನೆಯದು, ಮೇಲೆ ಹೇಳಿದ ತಿಂಡಿಯ ಮಾತು. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಉತ್ತರ. 1 ಎಂದರೆ ಇಲ್ಲವೇ ಇಲ್ಲ, 5 ಎಂದರೆ ಯಾವಾಗಲೂ. ಎಂಟು ವಿದ್ಯಾರ್ಥಿಗಳ ಉತ್ತರಗಳು ಹೀಗಿವೆ:

| ವಿದ್ಯಾರ್ಥಿ | ಪ್ರ. 1 | ಪ್ರ. 2 | ಪ್ರ. 3 | ಪ್ರ. 4 | ಪ್ರ. 5 | ಪ್ರ. 6 |
|---|---|---|---|---|---|---|
| 1 | 5 | 4 | 5 | 1 | 5 | 2 |
| 2 | 4 | 5 | 4 | 2 | 5 | 4 |
| 3 | 4 | 4 | 3 | 2 | 5 | 1 |
| 4 | 3 | 3 | 4 | 2 | 5 | 5 |
| 5 | 3 | 2 | 2 | 4 | 5 | 3 |
| 6 | 2 | 3 | 2 | 4 | 5 | 1 |
| 7 | 2 | 1 | 2 | 5 | 5 | 4 |
| 8 | 1 | 2 | 2 | 4 | 5 | 4 |

ಎಂಟೇ ಮಂದಿಯಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ಲೆಕ್ಕದ ನಡಿಗೆ ಕಣ್ಣಿಗೆ ಕಾಣಲಿ ಎಂದಷ್ಟೇ ಈ ಚಿಕ್ಕ ಪಟ್ಟಿ.

ಉತ್ತರಗಳನ್ನು ಇದ್ದಂತೆಯೇ ಕೂಡಿಸಿ ಲೆಕ್ಕ ಹಾಕಿದರೆ ಎಲ್ಲ ಎಡವಟ್ಟಾಗುತ್ತದೆ. ನಾಲ್ಕನೆಯ ಪ್ರಶ್ನೆಗೆ ಉಳಿದ ಪ್ರಶ್ನೆಗಳ ಮೊತ್ತದ ಜೊತೆ −0.88 ಸಹಸಂಬಂಧ ಬರುತ್ತದೆ. ಇಷ್ಟು ದೊಡ್ಡ ಋಣ ಸಂಖ್ಯೆ ಕಂಡ ಕೂಡಲೇ ಪ್ರಶ್ನೆ ಕೆಟ್ಟದ್ದು ಎಂದು ಹೊಡೆದುಹಾಕುವುದು ಹೊಸಬರ ಅವಸರ. ನಿಜಕ್ಕೆ ಅದು ಒಳ್ಳೆಯ ಪ್ರಶ್ನೆ. ಅದರ ದಿಕ್ಕು ಮಾತ್ರ ಉಲ್ಟಾ. ಬೇರೆ ಹೇಳಿಕೆಗಳಲ್ಲಿ 5 ಎಂದರೆ ಹೆಚ್ಚು ಭಯ, ಇದರಲ್ಲಿ 5 ಎಂದರೆ ಭಯವೇ ಇಲ್ಲ. ಎಲ್ಲದಕ್ಕೂ ಕಣ್ಣುಮುಚ್ಚಿ ‘ಹೌದು’ ಎಂದು ಗುರುತು ಹಾಕುತ್ತ ಹೋಗುವವರನ್ನು ತಡೆಯಲು ಇಂಥ ಒಂದೆರಡು ಹೇಳಿಕೆಗಳನ್ನು ಬೇಕೆಂದೇ ಸೇರಿಸುತ್ತಾರೆ. ಲೆಕ್ಕಕ್ಕೆ ಮುಂಚೆ ಅವನ್ನು ತಿರುಗಿಸಿಕೊಳ್ಳಬೇಕು: 6ರಲ್ಲಿ ಉತ್ತರವನ್ನು ಕಳೆದರೆ ಆಯಿತು, 1 ಇದ್ದದ್ದು 5 ಆಗುತ್ತದೆ, 2 ಇದ್ದದ್ದು 4. ತಿರುಗಿಸುವುದನ್ನು ಮರೆತರೆ ಆ ಪ್ರಶ್ನೆಯ ಜೊತೆಗೆ ಅಕ್ಕಪಕ್ಕದವೂ ಹಾಳಾಗುತ್ತವೆ. ನಮ್ಮ ಪಟ್ಟಿಯಲ್ಲಿ ಎದೆಬಡಿತದ ಪ್ರಶ್ನೆಗೆ ಸಿಗುವುದು ಬರೀ 0.18. ನಾಲ್ಕನೆಯದನ್ನು ತಿರುಗಿಸಿದ ಮೇಲೆ ಅದೇ ಪ್ರಶ್ನೆ 0.71ಕ್ಕೆ ಏರುತ್ತದೆ, ನಾಲ್ಕನೆಯದು +0.88 ಆಗುತ್ತದೆ.

ಐದನೆಯ ಪ್ರಶ್ನೆಯಲ್ಲಿ ಬೇರೆ ಬಗೆಯ ತೊಂದರೆ. ಎಂಟೂ ಮಂದಿ 5 ಎಂದಿದ್ದಾರೆ. ಒಳ್ಳೆಯ ಅಂಕ ಬೇಡ ಎನ್ನುವ ವಿದ್ಯಾರ್ಥಿಯನ್ನು ಎಲ್ಲಿಂದ ಹುಡುಕಿ ತರುವುದು? ಉತ್ತರಗಳಲ್ಲಿ ಏರಿಳಿತವೇ ಇಲ್ಲದಾಗ ಯಾವುದರ ಜೊತೆಗೂ ಸಹಸಂಬಂಧ ಹುಟ್ಟುವುದಿಲ್ಲ, ಲೆಕ್ಕದಲ್ಲಿ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಎಕ್ಸೆಲ್ ಆ ಜಾಗದಲ್ಲಿ `#DIV/0!` ಎಂದು ತೋರಿಸಿ ಕೈಕಟ್ಟಿ ಕೂರುತ್ತದೆ. ನಿಜವಾದ ಸಮೀಕ್ಷೆಯಲ್ಲಿ ನೂರಕ್ಕೆ ನೂರು ಮಂದಿ ಒಂದೇ ಉತ್ತರ ಕೊಡುವುದು ಅಪರೂಪ. ತೊಂಬತ್ತೈದು ಮಂದಿ ಕೊಟ್ಟರೂ ಪರಿಣಾಮ ಸರಿಸುಮಾರು ಇದೇ: ಉಳಿದ ಐದು ಮಂದಿಯ ಉತ್ತರದ ಮೇಲೆ ಇಡೀ ಸಂಖ್ಯೆ ತೂಗಾಡುತ್ತದೆ. ಅದಕ್ಕೇ ಅನುಭವಿಗಳು ಸಹಸಂಬಂಧ ನೋಡುವ ಮೊದಲು ಪ್ರತಿ ಪ್ರಶ್ನೆಯ ಸರಾಸರಿಯನ್ನೂ ಉತ್ತರಗಳ ಹರಡುವಿಕೆಯನ್ನೂ ನೋಡುತ್ತಾರೆ.

ಇನ್ನು ತಿಂಡಿ. ಅದರ ಅಂಕವನ್ನು ಒಟ್ಟು ಅಂಕದ ಜೊತೆ ಹೋಲಿಸಿದರೆ 0.14 ಬರುತ್ತದೆ. ದುರ್ಬಲ, ಆದರೂ ಧನ ಸಂಖ್ಯೆ. ಇಲ್ಲೊಂದು ಮೋಸವಿದೆ. ಆ ಒಟ್ಟು ಅಂಕದೊಳಗೆ ತಿಂಡಿಯ ಅಂಕವೂ ಕೂಡಿಕೊಂಡಿದೆ. ಚಿಕ್ಕ ಸಂಘದ ಚುನಾವಣೆಯಲ್ಲಿ ಅಭ್ಯರ್ಥಿ ತನಗೆ ತಾನೇ ಮತ ಹಾಕಿಕೊಂಡಂತೆ, ಪ್ರತಿ ಪ್ರಶ್ನೆಯೂ ಒಟ್ಟು ಅಂಕದಲ್ಲಿ ತನ್ನ ಪಾಲನ್ನು ಸೇರಿಸಿ ತನ್ನನ್ನು ತಾನೇ ಎತ್ತಿ ಹಿಡಿಯುತ್ತದೆ. ತಿಂಡಿಯ ಅಂಕ ತೆಗೆದು ಉಳಿದವುಗಳ ಮೊತ್ತದ ಜೊತೆ ಹೋಲಿಸಿದರೆ ಬರುವುದು −0.17. ಧನ ಹೋಗಿ ಋಣವಾಯಿತು.

ಈ ಮೋಸ ಎಷ್ಟು ದೊಡ್ಡದು ಎಂದು ತಿಳಿಯಲು ಒಂದು ಸಣ್ಣ ಗಣಿತ ಸಾಕು. ಒಂದಕ್ಕೊಂದು ಎಳ್ಳಷ್ಟೂ ಸಂಬಂಧವಿಲ್ಲದ ಹತ್ತು ಪ್ರಶ್ನೆಗಳನ್ನು, ಏರಿಳಿತ ಸಮನಾಗಿರುವಂಥವನ್ನು, ಕೂಡಿಸಿದರೆ ಪ್ರತಿಯೊಂದಕ್ಕೂ ಒಟ್ಟು ಅಂಕದ ಜೊತೆ ಸುಮಾರು 0.32 ಸಹಸಂಬಂಧ ಇದ್ದೇ ಇರುತ್ತದೆ. ಹತ್ತರ ವರ್ಗಮೂಲದಿಂದ 1ನ್ನು ಭಾಗಿಸಿದರೆ ಸಿಗುವ ಸಂಖ್ಯೆ ಅದು. ಮನಶ್ಶಾಸ್ತ್ರದ ಪಠ್ಯಗಳಲ್ಲಿ ಪ್ರಶ್ನೆ ಉಳಿಸಿಕೊಳ್ಳಲು ಸಾಮಾನ್ಯವಾಗಿ ಹೇಳುವ ಗಡಿ 0.30. ಎಂದರೆ ಸ್ವಂತ ಅಂಕ ಕಳೆಯದೆ ಲೆಕ್ಕ ಹಾಕಿದರೆ ಹತ್ತು ಪ್ರಶ್ನೆಗಳ ಶುದ್ಧ ಕಸವೂ ಈ ಗಡಿ ದಾಟಿಬಿಡುತ್ತದೆ. ಪ್ರಶ್ನೆಗಳು ನೂರಾದರೆ ಈ ಉಬ್ಬು 0.10ಕ್ಕೆ ಇಳಿಯುತ್ತದೆ. ಆದರೆ ಈಗ ಹೆಚ್ಚಿನ ಮಾಪನಿಗಳು ಹತ್ತು ಹದಿನೈದು ಪ್ರಶ್ನೆಗಳವು, ಆದ್ದರಿಂದ ಸ್ವಂತ ಅಂಕ ಕಳೆದ ಸಂಖ್ಯೆಯನ್ನೇ ನೋಡಬೇಕು. SPSS ತಂತ್ರಾಂಶದ ಪಟ್ಟಿಯಲ್ಲಿ ಅದು `Corrected Item-Total Correlation` ಎಂಬ ಸಾಲಿನಲ್ಲಿ ಕಾಣುತ್ತದೆ. ಎಕ್ಸೆಲ್‌ನಲ್ಲಾದರೆ ಮೇಲಿನ ಪಟ್ಟಿಯನ್ನು, ನಾಲ್ಕನೆಯ ಪ್ರಶ್ನೆ ತಿರುಗಿಸಿದ ಮೇಲೆ, B2ರಿಂದ G9ರವರೆಗೆ ತುಂಬಿ, ಮೊದಲ ಪ್ರಶ್ನೆಗಾಗಿ I2 ಮನೆಯಲ್ಲಿ ಕೆಳಗಿನ ಮೊದಲ ಸಾಲು ಬರೆದು I9ರವರೆಗೆ ಎಳೆಯಬೇಕು. ಬೇರೊಂದು ಖಾಲಿ ಮನೆಯಲ್ಲಿ ಎರಡನೆಯ ಸಾಲು ಬರೆದರೆ 0.71 ಸಿಗುತ್ತದೆ.

```
=SUM($B2:$G2)-B2
=CORREL(B2:B9,I2:I9)
```

ತಿಂಡಿಯ ಪ್ರಶ್ನೆ ಏಕೆ ಸೋತಿತು? ಸಂಖ್ಯೆ ಅದನ್ನು ಹೇಳುವುದಿಲ್ಲ. ಪಟ್ಟಿಗೆ ಮರಳಬೇಕು. ಮೊದಲನೆಯ ವಿದ್ಯಾರ್ಥಿ ಭಯದ ನಾಲ್ಕು ಪ್ರಶ್ನೆಗಳಲ್ಲಿ 20ಕ್ಕೆ 19 ಪಡೆದಿದ್ದರೂ ತಿಂಡಿ ಬಿಡುವುದು ಅಪರೂಪ. ಏಳನೆಯ ವಿದ್ಯಾರ್ಥಿಗೆ ಅದೇ ನಾಲ್ಕರಲ್ಲಿ ಬರೀ 6, ತಿಂಡಿ ಮಾತ್ರ ಹೆಚ್ಚಾಗಿ ಇಲ್ಲ. ನಿಜವಾದ ಅಧ್ಯಯನವಾಗಿದ್ದರೆ ಇಲ್ಲಿ ಲೆಕ್ಕ ನಿಲ್ಲಿಸಿ ಮಕ್ಕಳ ಜೊತೆ ಕೂತು ಮಾತಾಡಬೇಕು. ಒಬ್ಬ ಏಳು ಗಂಟೆಯ ಬಸ್ಸು ಹಿಡಿಯುವವನಿರಬಹುದು. ಇನ್ನೊಬ್ಬಳಿಗೆ ದಿನವೂ ಬೆಳಗ್ಗೆ ತಿನ್ನುವ ಅಭ್ಯಾಸವೇ ಇಲ್ಲದಿರಬಹುದು. ಮತ್ತೊಬ್ಬಳು ಎಷ್ಟೇ ಹೆದರಿದರೂ ಅಮ್ಮ ಎರಡು ತುತ್ತು ತಿನ್ನಿಸದೆ ಹೊಸ್ತಿಲು ದಾಟಲು ಬಿಡದಿರಬಹುದು. ಪ್ರಶ್ನೆ ಭಯವನ್ನು ಕೇಳುತ್ತಿದೆ ಎಂದು ಬರೆದವರಿಗೆ ಅನ್ನಿಸಿದೆ. ಉತ್ತರಿಸಿದವರು ಹೇಳಿದ್ದು ತಮ್ಮ ಮನೆಯ ದಿನಚರಿಯನ್ನು. ಹೀಗೆಂದು ಗೊತ್ತಾದಮೇಲೆ ಪ್ರಶ್ನೆಯನ್ನು ಬಿಡಬಹುದು, ಇಲ್ಲವೇ ‘ಉಳಿದ ದಿನ ತಿನ್ನುವಷ್ಟು ತಿಂಡಿ ಪರೀಕ್ಷೆಯ ದಿನ ಸೇರುವುದಿಲ್ಲ’ ಎಂದು ತಿದ್ದಿ ಮತ್ತೊಮ್ಮೆ ಪರೀಕ್ಷಿಸಬಹುದು. ಎರಡನೆಯದೇ ಒಳ್ಳೆಯದು, ಆದರೆ ಪ್ರಬಂಧ ಒಪ್ಪಿಸುವ ಗಡುವು ಹತ್ತಿರವಾದಾಗ ಬಹಳ ಮಂದಿ ಮೊದಲನೆಯದನ್ನೇ ಮಾಡುತ್ತಾರೆ.

ಪ್ರಶ್ನೆಗಳನ್ನು ತೆಗೆದಂತೆಲ್ಲ ಮಾಪನಿಗೆ ಏನಾಗುತ್ತದೆ ಎಂದು ನೋಡಲು ಇನ್ನೊಂದು ಸಂಖ್ಯೆ ಬಳಕೆಯಲ್ಲಿದೆ, 1951ರಲ್ಲಿ ಲೀ ಕ್ರೋನ್‌ಬಾಕ್ ಪ್ರಸಿದ್ಧಿಗೆ ತಂದ ಆಲ್ಫಾ. ಪ್ರಶ್ನೆಗಳೆಲ್ಲ ಎಷ್ಟರ ಮಟ್ಟಿಗೆ ಒಂದೇ ಮಾತಾಡುತ್ತಿವೆ ಎಂಬುದರ ಅಳತೆ ಅದು. 1ಕ್ಕೆ ಹತ್ತಿರವಾದಷ್ಟೂ ಒಗ್ಗಟ್ಟು ಹೆಚ್ಚು. ನಮ್ಮ ಆರು ಪ್ರಶ್ನೆಗಳಿಗೆ, ನಾಲ್ಕನೆಯದನ್ನು ತಿರುಗಿಸುವ ಮೊದಲು, ಆಲ್ಫಾ −0.72 ಇತ್ತು. ಆಲ್ಫಾ ಸೊನ್ನೆಗಿಂತ ಕೆಳಗೆ ಹೋಯಿತೆಂದರೆ ಎಲ್ಲೋ ಅಂಕ ಕೊಡುವುದರಲ್ಲೇ ತಪ್ಪಾಗಿದೆ ಎಂದು ಮೊದಲು ಅನುಮಾನಿಸಬೇಕು. ತಿರುಗಿಸಿದ ಮೇಲೆ 0.73. ಅಂಕದ ಆಸೆಯ ಪ್ರಶ್ನೆ ತೆಗೆದರೆ 0.76. ತಿಂಡಿಯನ್ನೂ ತೆಗೆದರೆ 0.95. ತಿಂಡಿ ಹೋದಮೇಲೆ ಎದೆಬಡಿತದ ಪ್ರಶ್ನೆಯ ಸಹಸಂಬಂಧವೂ 0.71ರಿಂದ 0.85ಕ್ಕೆ ಏರುತ್ತದೆ, ಏಕೆಂದರೆ ಈಗ ಅದನ್ನು ಹೋಲಿಸುತ್ತಿರುವ ಮೊತ್ತವೇ ಬೇರೆ. ಒಂದು ಪ್ರಶ್ನೆ ತೆಗೆದರೆ ಎಲ್ಲರ ಸಂಖ್ಯೆಯೂ ಬದಲಾಗುವುದರಿಂದ ಒಮ್ಮೆಗೇ ಐದಾರನ್ನು ಕಿತ್ತುಹಾಕಬಾರದು. ಒಂದನ್ನು ತೆಗೆದು, ಮತ್ತೆ ಲೆಕ್ಕ ಹಾಕಿ, ಆಮೇಲೆ ಮುಂದಿನದು.

ಇಷ್ಟು ಓದಿದವರಿಗೆ 0.95 ಎಂಬುದು ಸಂತೋಷದ ಸುದ್ದಿ ಅನ್ನಿಸಬಹುದು. ಕೆಲವೊಮ್ಮೆ ಹೌದು, ಕೆಲವೊಮ್ಮೆ ಅಲ್ಲ. ಪರೀಕ್ಷಾ ಭಯಕ್ಕೆ ಎರಡು ಮುಖಗಳಿವೆ ಎಂದು 1967ರಲ್ಲೇ ಲೀಬರ್ಟ್ ಮತ್ತು ಮಾರಿಸ್ ತೋರಿಸಿದ್ದರು. ಒಂದು, ಫೇಲಾದರೆ ಏನು ಗತಿ ಎಂದು ಮನಸ್ಸಿನಲ್ಲಿ ಸುತ್ತುವ ಚಿಂತೆ. ಇನ್ನೊಂದು, ಎದೆಬಡಿತ, ಬೆವರು, ನಡುಕದಂಥ ದೇಹದ ತಳಮಳ. ಎರಡೂ ಒಟ್ಟಿಗೆ ಇರುತ್ತವೆ, ಆದರೆ ಒಂದೇ ಅಲ್ಲ. ಈಗ ಹದಿನೈದು ಪ್ರಶ್ನೆಗಳ ಕರಡಿನಲ್ಲಿ ಹನ್ನೆರಡು ದೇಹದ ತಳಮಳವನ್ನೂ ಮೂರು ಮಾತ್ರ ಚಿಂತೆಯನ್ನೂ ಕೇಳುತ್ತಿದ್ದರೆ ಒಟ್ಟು ಅಂಕ ಎಂಬುದು ಬಹುಪಾಲು ದೇಹದ ಅಂಕವೇ. ಚಿಂತೆಯ ಮೂರು ಪ್ರಶ್ನೆಗಳು ಎಷ್ಟೇ ಚೆನ್ನಾಗಿದ್ದರೂ ಆ ಒಟ್ಟು ಅಂಕದ ಮುಂದೆ ಪೇಲವವಾಗಿ ಕಾಣುತ್ತವೆ. ಸಂಖ್ಯೆ ನಂಬಿ ಅವನ್ನು ತೆಗೆದರೆ ಆಲ್ಫಾ ಏರುತ್ತದೆ, ಮಾಪನಿಯಿಂದ ಚಿಂತೆ ಮಾಯವಾಗುತ್ತದೆ, ಮುಖಪುಟದ ಮೇಲೆ ಮಾತ್ರ ‘ಪರೀಕ್ಷಾ ಭಯ ಮಾಪನಿ’ ಎಂದೇ ಇರುತ್ತದೆ. ಈ ಬಗೆಯ ಹಾನಿಯನ್ನು ಆಲ್ಫಾ ಯಾವತ್ತೂ ತೋರಿಸುವುದಿಲ್ಲ, ಏಕೆಂದರೆ ಅದರ ದೃಷ್ಟಿಯಲ್ಲಿ ಇದು ಸುಧಾರಣೆ. ಒಂದೇ ಮಾತನ್ನು ನಾಲ್ಕು ರೀತಿ ಕೇಳಿದರೂ ಆಲ್ಫಾ ಹೆಚ್ಚುತ್ತದೆ: ಎದೆ ಹೊಡೆದುಕೊಳ್ಳುತ್ತದೆ, ಎದೆ ಡವಡವ ಎನ್ನುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ. ಓದುವವನಿಗೆ ಬೇಜಾರು, ಸಂಶೋಧಕನಿಗೆ 0.96.

ಹಾಗಾಗಿ ಮುಖಗಳು ಒಂದಕ್ಕಿಂತ ಹೆಚ್ಚು ಇವೆ ಎಂಬ ಅನುಮಾನವಿದ್ದರೆ ಪ್ರತಿ ಮುಖದ ಪ್ರಶ್ನೆಗಳನ್ನು ಪ್ರತ್ಯೇಕ ಗುಂಪು ಮಾಡಿ, ಆಯಾ ಗುಂಪಿನ ಮೊತ್ತದ ಜೊತೆಗೇ ಹೋಲಿಸಬೇಕು. ಕರಡು ಬರೆಯುವಾಗಲೇ ಪ್ರತಿ ಮುಖಕ್ಕೂ ಬೇಕಾದ್ದಕ್ಕಿಂತ ಎರಡುಪಟ್ಟು ಪ್ರಶ್ನೆ ಬರೆದಿಟ್ಟುಕೊಂಡವರಿಗೆ ಈ ಹಂತದಲ್ಲಿ ಪರದಾಟ ಕಡಿಮೆ.

ಚೆನ್ನಾಗಿ ಗೆದ್ದ ಪ್ರಶ್ನೆ ಬೇರೆ ನೆಲದಲ್ಲಿ ಸೋಲುವುದೂ ಉಂಟು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಪ್ರಕಟಿಸಿದ ಸ್ವಾಭಿಮಾನದ ಮಾಪನಿಯಲ್ಲಿ ಹತ್ತೇ ಹೇಳಿಕೆಗಳು. ನ್ಯೂಯಾರ್ಕ್ ರಾಜ್ಯದ ಸುಮಾರು ಐದು ಸಾವಿರ ಹೈಸ್ಕೂಲು ವಿದ್ಯಾರ್ಥಿಗಳ ಮೇಲೆ ಬಳಸಿದ್ದ ಅದು ಆಮೇಲೆ ಜಗತ್ತಿನ ಹತ್ತಾರು ಭಾಷೆಗಳಿಗೆ ಹೋಯಿತು. ಅದರ ಎಂಟನೆಯ ಹೇಳಿಕೆ, ತನಗೆ ತನ್ನ ಬಗ್ಗೆ ಇನ್ನೂ ಹೆಚ್ಚು ಗೌರವ ಇದ್ದಿದ್ದರೆ ಚೆನ್ನಾಗಿತ್ತು ಎಂಬ ಅರ್ಥದ್ದು. ಒಪ್ಪಿದರೆ ಸ್ವಾಭಿಮಾನ ಕಡಿಮೆ ಎಂದು ಅಂಕ. ಚೀನಾ, ಹಾಂಗ್‌ಕಾಂಗ್ ಮೊದಲಾದೆಡೆ ಈ ಒಂದು ಹೇಳಿಕೆ ಉಳಿದ ಒಂಬತ್ತರ ಜೊತೆ ಹೊಂದಿಕೊಳ್ಳಲಿಲ್ಲ. ಸಂಶೋಧಕರು ಕೊಟ್ಟ ವಿವರಣೆ ಹೀಗೆ: ತಾನಿನ್ನೂ ಸುಧಾರಿಸಬೇಕು ಎಂದುಕೊಳ್ಳುವುದನ್ನೇ ಒಳ್ಳೆಯ ಗುಣ ಎಂದು ಕಲಿಸುವ ಕಡೆ, ಸ್ವಾಭಿಮಾನ ಚೆನ್ನಾಗಿರುವವರೂ ಈ ಮಾತನ್ನು ಒಪ್ಪುತ್ತಾರೆ. ಎಷ್ಟೋ ಅಧ್ಯಯನಗಳು ಅದನ್ನು ಬಿಟ್ಟು ಒಂಬತ್ತೇ ಹೇಳಿಕೆಗಳನ್ನು ಬಳಸಿದವು. ಕನ್ನಡಕ್ಕೆ ಬೇರೆ ಭಾಷೆಯ ಮಾಪನಿ ತರುವವರು ಕಲಿಯಬೇಕಾದ ಪಾಠ ಇಲ್ಲಿದೆ. ಮೂಲದಲ್ಲಿ ಆಲ್ಫಾ ಎಷ್ಟಿತ್ತು ಎಂಬುದು ನಮ್ಮ ಊರಿನ ಓದುಗರ ಬಗ್ಗೆ ಏನನ್ನೂ ಹೇಳುವುದಿಲ್ಲ; ಅನುವಾದವಾದ ಮೇಲೆ ಪ್ರತಿ ಹೇಳಿಕೆಯ ಸಹಸಂಬಂಧವನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ಅದರಲ್ಲೂ ‘ನನಗೆ ಹೆದರಿಕೆ ಆಗುವುದಿಲ್ಲ’ ಎಂಬಂಥ ಹೇಳಿಕೆಯ ಎದುರಿಗೆ ‘ಒಪ್ಪುವುದಿಲ್ಲ’ ಎಂಬ ಆಯ್ಕೆ ಇಟ್ಟರೆ, ಎರಡು ‘ಇಲ್ಲ’ಗಳ ನಡುವೆ ಓದುಗ ಸಿಕ್ಕಿಬೀಳುತ್ತಾನೆ, ಸಂಖ್ಯೆ ಕುಸಿಯುತ್ತದೆ.

ಉತ್ತರಿಸಿದವರು ಎಷ್ಟು ಮಂದಿ ಎಂಬುದು ಇನ್ನೊಂದು ತಲೆನೋವು. ನೂರು ಮಂದಿಯಿಂದ ಲೆಕ್ಕ ಹಾಕಿದಾಗ ಒಂದು ಪ್ರಶ್ನೆಗೆ 0.30 ಬಂತೆನ್ನಿ. ನಿಜವಾದ ಬೆಲೆ 0.11ರಿಂದ 0.47ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ನಾನೂರು ಮಂದಿಯಾದರೆ ಈ ಅಂತರ 0.21ರಿಂದ 0.39ಕ್ಕೆ ಕಿರಿದಾಗುತ್ತದೆ. ನೂರು ಜನರ ಅಂಕಿ ಹಿಡಿದು 0.31 ಬಂದದ್ದನ್ನು ಉಳಿಸಿ 0.29 ಬಂದದ್ದನ್ನು ತೆಗೆಯುವುದು ನಾಣ್ಯ ಚಿಮ್ಮಿ ನಿರ್ಧರಿಸುವುದಕ್ಕಿಂತ ಬಹಳ ಮೇಲಲ್ಲ. ಪ್ರಶ್ನೆಯೊಂದಕ್ಕೆ ಐದರಿಂದ ಹತ್ತು ಮಂದಿಯಾದರೂ ಇರಲಿ ಎಂಬುದು ರೂಢಿಯ ಮಾತು. ಮೂವತ್ತು ಪ್ರಶ್ನೆಯ ಕರಡಿಗೆ ಮುನ್ನೂರು ಮಂದಿ ಸಿಕ್ಕರೆ ನೆಮ್ಮದಿ.

ಕಡಿಮೆ ಜನ, ಹೆಚ್ಚು ಪ್ರಶ್ನೆ ಇಟ್ಟುಕೊಂಡು ಒಳ್ಳೆಯವನ್ನು ಆಯುತ್ತ ಹೋದರೆ ಏನಾಗುತ್ತದೆ ಎಂಬುದನ್ನು ಎಡ್ವರ್ಡ್ ಕ್ಯೂರಟನ್ 1950ರಲ್ಲಿ ತಮಾಷೆಯಾಗಿ, ಆದರೆ ಮರೆಯಲಾಗದಂತೆ ತೋರಿಸಿದರು. ಮಾಪನ ಶಾಸ್ತ್ರದ ಗಂಭೀರ ಪತ್ರಿಕೆಯಲ್ಲಿ ಬಂದ ಆ ಲೇಖನದ ಶೀರ್ಷಿಕೆಯಲ್ಲೇ ‘ಬೊಗಳೆ’ ಎಂಬ ಅರ್ಥದ ಪದವಿತ್ತು. ಅವರ ಹತ್ತಿರ 29 ವಿದ್ಯಾರ್ಥಿಗಳ ದರ್ಜೆಗಳಿದ್ದವು. ಅಂಕಿ ಬರೆದ 85 ಚೀಟಿಗಳನ್ನು ಅವರು ಒಬ್ಬೊಬ್ಬ ವಿದ್ಯಾರ್ಥಿಯ ಹೆಸರಿಗೂ ಕುಲುಕಿ ಮೇಜಿನ ಮೇಲೆ ಚೆಲ್ಲಿದರು. ಅಂಕಿ ಮೇಲಾಗಿ ಬಿದ್ದ ಚೀಟಿಗೆ ಆ ವಿದ್ಯಾರ್ಥಿ ಆ ‘ಪ್ರಶ್ನೆ’ಗೆ ಸರಿಯುತ್ತರ ಕೊಟ್ಟ ಎಂದು ಲೆಕ್ಕ. ಆಮೇಲೆ ಎಂದಿನ ಶಾಸ್ತ್ರೋಕ್ತ ಕ್ರಮದಲ್ಲೇ ಅಂಶ ವಿಶ್ಲೇಷಣೆ ನಡೆಸಿ, ದರ್ಜೆಗಳ ಜೊತೆ ಚೆನ್ನಾಗಿ ಹೊಂದುವ 24 ಚೀಟಿಗಳನ್ನು ಆರಿಸಿದರು. ಅದೇ 29 ಮಂದಿಯ ಮೇಲೆ ಆ 24 ಚೀಟಿಗಳ ಅಂಕ ತೆಗೆದಾಗ ದರ್ಜೆಯ ಜೊತೆ 0.82 ಸಹಸಂಬಂಧ ಬಂತು. ನಿಜವಾದ ಪರೀಕ್ಷೆಗಳಿಗೂ ಇಷ್ಟು ಬರುವುದು ಕಷ್ಟ. ಮೇಜಿನ ಮೇಲೆ ಬಿದ್ದ ಚೀಟಿಗಳಿಗೆ ಯಾರ ಓದು ಬರಹವೂ ಗೊತ್ತಿರಲಿಲ್ಲ. ಎಂಬತ್ತೈದರಲ್ಲಿ ಕೆಲವು ಅಕಸ್ಮಾತ್ತಾಗಿ ಹೊಂದಿಯೇ ಹೊಂದುತ್ತವೆ; ಅವನ್ನೇ ಆರಿಸಿ, ಅದೇ ಮಂದಿಯ ಮೇಲೆ ಮತ್ತೆ ಅಳೆದರೆ ಆ ಅಕಸ್ಮಾತ್ತನ್ನೇ ಮತ್ತೆ ಎಣಿಸಿದಂತೆ.

ಕ್ಯೂರಟನ್ ಹೋಲಿಸಿದ್ದು ಹೊರಗಿನ ದರ್ಜೆಯ ಜೊತೆ, ಮಾಪನಿಯದೇ ಒಟ್ಟು ಅಂಕದ ಜೊತೆ ಅಲ್ಲ. ಆದರೆ ಅಪಾಯ ಒಂದೇ ಜಾತಿಯದು. ಒಂದು ಗುಂಪಿನಲ್ಲಿ ದುರ್ಬಲ ಪ್ರಶ್ನೆಗಳನ್ನು ತೆಗೆದು, ಉಳಿದವುಗಳ ಆಲ್ಫಾವನ್ನು ಅದೇ ಗುಂಪಿನಿಂದ ತೆಗೆದು ಪ್ರಕಟಿಸಿದರೆ ಆ ಸಂಖ್ಯೆ ನಿಜಕ್ಕಿಂತ ಸ್ವಲ್ಪ ಉಬ್ಬಿರುತ್ತದೆ. ಪರಿಹಾರ ಕಷ್ಟದ್ದೇನಲ್ಲ. ಮುನ್ನೂರು ಮಂದಿ ಸಿಕ್ಕರೆ ಮೊದಲೇ ಅವರನ್ನು ಚೀಟಿ ಎತ್ತಿ ಎರಡು ಭಾಗ ಮಾಡಬೇಕು. ಒಂದು ಭಾಗದಲ್ಲಿ ಪ್ರಶ್ನೆ ಆರಿಸಿ, ಇನ್ನೊಂದು ಭಾಗದಲ್ಲಿ ಆರಿಸಿದವುಗಳ ಸಹಸಂಬಂಧ ಮತ್ತು ಆಲ್ಫಾ ನೋಡಬೇಕು. ಎರಡನೆಯ ಭಾಗದಲ್ಲಿ ಸಂಖ್ಯೆಗಳು ತುಸು ಇಳಿಯುತ್ತವೆ, ಅದು ಸಹಜ. 0.45 ಇದ್ದ ಪ್ರಶ್ನೆ 0.10ಕ್ಕೆ ಬಿದ್ದರೆ ಮಾತ್ರ ಅದು ಚೀಟಿಯ ಆಟ ಎಂದು ತಿಳಿಯಬಹುದು.

ಮಾಪನಿ ತಯಾರಿಸುವವರ ವರದಿಗಳಲ್ಲಿ ಒಂದು ಕೊರತೆ ಪದೇ ಪದೇ ಕಾಣುತ್ತದೆ. ಉಳಿದ ಪ್ರಶ್ನೆಗಳ ಪಟ್ಟಿ ಅಂದವಾಗಿ ಅಚ್ಚಾಗಿರುತ್ತದೆ, ತೆಗೆದವು ಯಾವುವು ಎಂಬುದು ಮಾತ್ರ ಇರುವುದಿಲ್ಲ. ಕನ್ನಡದಲ್ಲಿ ಮಾಪನಿ ಕಟ್ಟುತ್ತಿರುವ ಸಂಶೋಧಕರೂ ಅವರ ಮಾರ್ಗದರ್ಶಕರೂ ಅನುಬಂಧದಲ್ಲಿ ಒಂದು ಪುಟ ಹೆಚ್ಚಿಗೆ ಇಡಲಿ: ಕೈಬಿಟ್ಟ ಪ್ರತಿ ಹೇಳಿಕೆ, ಅದರ ಸಹಸಂಬಂಧ, ಎಷ್ಟು ಮಂದಿಯಿಂದ ಆ ಲೆಕ್ಕ ಬಂತು, ಏಕೆ ಸೋತಿತೆಂದು ತೋರುತ್ತದೆ ಎಂಬ ಒಂದು ಸಾಲು. ಆ ಪುಟವಿದ್ದರೆ ಇನ್ನೊಂದು ಜಿಲ್ಲೆಯಲ್ಲಿ ಅದೇ ವಿಷಯಕ್ಕೆ ಕೈ ಹಾಕುವವರು ತಿಂಡಿಯ ಪ್ರಶ್ನೆಯನ್ನು ಮತ್ತೆ ಮೊದಲಿನಿಂದ ಬರೆದು ಮತ್ತೆ ಸೋಲಬೇಕಾಗಿಲ್ಲ.